ಸೆಕ್ಯುಲರ್, ರಿಚುವಲ್, ಸೇಕ್ರೆಡ್: ಮೂರನ್ನೂ ಒಟ್ಟಿಗೇ ಕನ್ನಡಕ್ಕೆ ತರಬೇಕು

ಪದವಿ ತರಗತಿಯ ಸಮಾಜಶಾಸ್ತ್ರದ ಕನ್ನಡ ನೋಟ್ಸುಗಳಲ್ಲಿ ಧರ್ಮದ ಅಧ್ಯಾಯ ಶುರುವಾಗುವುದೇ ಇಂಥದೊಂದು ವಾಕ್ಯದಿಂದ: "ಡರ್ಖೀಮ್ ಪ್ರಕಾರ ಪ್ರತಿ ಧರ್ಮವೂ ಜಗತ್ತನ್ನು ಪವಿತ್ರ ಮತ್ತು ಅಪವಿತ್ರ ಎಂದು ಎರಡು ಭಾಗ ಮಾಡುತ್ತದೆ." ಓದಲು ಸರಳ, ಪರೀಕ್ಷೆಯಲ್ಲಿ ಬರೆಯಲೂ ಸುಲಭ. ಆದರೆ ಅದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಖೀಮ್ ಹೇಳಿದ ಮಾತೇ ಅಲ್ಲ. ಸೆಕ್ಯುಲರ್, ರಿಚುವಲ್, ಸೇಕ್ರೆಡ್ ಎಂಬ ಮೂರಕ್ಕೆ ಕನ್ನಡದಲ್ಲಿ ಪಾರಿಭಾಷಿಕ ಪದ ನಿಗದಿ ಮಾಡುವ ಕೆಲಸ ಎಲ್ಲಿ ತಪ್ಪುತ್ತಿದೆ ಎಂಬುದು ಈ ಒಂದೇ ವಾಕ್ಯದಿಂದ ಗೊತ್ತಾಗುತ್ತದೆ. ಧಾರವಾಡದಂಥ ಊರಲ್ಲಿ ಕನ್ನಡ ಮಾಧ್ಯಮದಲ್ಲೇ ಪದವಿ ಓದುವ ಮಕ್ಕಳಿಗೆ ಕನ್ನಡದ ಪಠ್ಯಪುಸ್ತಕವೇ ಮೊದಲ ಮತ್ತು ಕೊನೆಯ ಆಧಾರವಾಗಿರುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಧರ್ಮದ ಕುರಿತ 1912ರ ತಮ್ಮ ಪುಸ್ತಕದಲ್ಲಿ ಡರ್ಖೀಮ್ ಹೇಳಿದ್ದು ಇಷ್ಟು. ಸೇಕ್ರೆಡ್ ಎಂದರೆ ಸಮಾಜ ಬೇರೆಯಾಗಿ ತೆಗೆದಿಟ್ಟದ್ದು, ನಿಷೇಧಗಳಿಂದ ಸುತ್ತುವರಿದದ್ದು. ನೋಟ್ಸುಗಳು ಅಪವಿತ್ರ ಎಂದು ಕರೆಯುವ ಪ್ರೊಫೇನ್ ಎಂದರೆ ಹಾಗೆ ತೆಗೆದಿಡದ ಮಿಕ್ಕೆಲ್ಲ ದಿನಬಳಕೆಯ ಜಗತ್ತು. ಇಲ್ಲಿ ಹೊಲಸಿನ ಮಾತಿಲ್ಲ, ಮೈಲಿಗೆಯ ಮಾತಿಲ್ಲ. ಹೊಲದ ಕುಂಟೆ, ಅಂಗಡಿಯ ತಕ್ಕಡಿ, ಬಸ್ಸಿನ ಟಿಕೆಟ್ ಎಲ್ಲವೂ ಪ್ರೊಫೇನ್. ಅವನ್ನು ಯಾರೂ ಅಪವಿತ್ರ ಅನ್ನುವುದಿಲ್ಲ. ತೊಂದರೆ ಇಷ್ಟಕ್ಕೇ ನಿಲ್ಲುವುದಿಲ್ಲ. ಶುದ್ಧ ಮತ್ತು ಅಶುದ್ಧ ಎರಡೂ ಸೇಕ್ರೆಡ್‌ನ ಒಳಗಿನ ಎರಡು ಬಗೆಗಳು, ಒಂದು ಇನ್ನೊಂದಾಗಿ ಮಾರ್ಪಡಬಲ್ಲದು ಎಂದು ಡರ್ಖೀಮ್ ಅದೇ ಪುಸ್ತಕದಲ್ಲಿ ಸ್ಕಾಟ್ಲೆಂಡಿನ ಧರ್ಮವಿದ್ವಾಂಸ ರಾಬರ್ಟ್‌ಸನ್ ಸ್ಮಿತ್‌ರ ಜಾಡು ಹಿಡಿದು ವಾದಿಸುತ್ತಾರೆ. ಪ್ರೊಫೇನ್‌ಗೆ "ಅಪವಿತ್ರ" ಎಂದು ಬರೆದ ಪುಸ್ತಕಕ್ಕೆ ಈ ವಾದವನ್ನು ಕನ್ನಡದಲ್ಲಿ ಹೇಳಲು ದಾರಿಯೇ ಇಲ್ಲ. "ಅಪವಿತ್ರವೂ ಪವಿತ್ರದ ಒಂದು ಬಗೆ" ಎಂದು ಬರೆಯಬೇಕಾಗುತ್ತದೆ. ಓದಿದ ವಿದ್ಯಾರ್ಥಿ ಅಚ್ಚಿನ ತಪ್ಪು ಎಂದುಕೊಳ್ಳುತ್ತಾನೆ.

ಹಾಗಾದರೆ ಸೇಕ್ರೆಡ್‌ಗೆ ಮಡಿ, ಪ್ರೊಫೇನ್‌ಗೆ ಮೈಲಿಗೆ ಅನ್ನೋಣ ಎಂಬ ಸಲಹೆಯೂ ಇದೆ. ಅದು ನಮ್ಮ ಭಾಗದಲ್ಲಂತೂ ನಿಲ್ಲದು. ಲಿಂಗಾಯತ ಸಂಪ್ರದಾಯ ಪಂಚಸೂತಕಗಳನ್ನು ನಿರಾಕರಿಸಿತು: ಜನನ, ಮರಣ, ರಜಸ್ಸು, ಜಾತಿ, ಎಂಜಲು. ಇಷ್ಟಲಿಂಗ ಕಟ್ಟಿಕೊಂಡವರಿಗೆ ಇವು ತಟ್ಟುವುದಿಲ್ಲ ಎಂಬುದು ಆ ನಂಬಿಕೆ. ಅಂದರೆ ಲಿಂಗ ಪರಮ ಪವಿತ್ರ, ಆದರೆ ಆ ಪಾವಿತ್ರ್ಯ ಮಡಿ-ಮೈಲಿಗೆಯ ಲೆಕ್ಕದಲ್ಲಿ ಇಲ್ಲ. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಮಠಗಳಲ್ಲಿ ಗದ್ದುಗೆಗೆ ನಡೆದುಕೊಳ್ಳುವ ಭಕ್ತರನ್ನು ನೋಡಿ. ಗದ್ದುಗೆ ಎಂದರೆ ಸಮಾಧಿ. ಸಾವನ್ನೇ ಮೈಲಿಗೆ ಎಂದು ಬಗೆಯುವ ಮನೆಗಳವರೂ ಅಲ್ಲಿ ಹಣೆ ಹಚ್ಚುತ್ತಾರೆ. ಪವಿತ್ರ ಬೇರೆ, ಶುದ್ಧ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆಯನ್ನು ಯಾವ ಪರದೇಶದ ಪುಸ್ತಕವೂ ಕೊಡಲಾರದು. ಪದ ಸರಿಯಿಲ್ಲದಿದ್ದರೆ ಈ ಉದಾಹರಣೆ ನಮ್ಮ ಕೈಯಲ್ಲಿದ್ದೂ ವ್ಯರ್ಥ.

ನನ್ನ ಪ್ರಕಾರ ಸೇಕ್ರೆಡ್‌ಗೆ "ಪವಿತ್ರ" ಇರಲಿ, ಪ್ರೊಫೇನ್‌ಗೆ "ಪವಿತ್ರೇತರ" ಆಗಲಿ. ಸರ್ಕಾರೇತರ, ಬೋಧಕೇತರ ಎಂಬ ಮಾತುಗಳು ರೂಢಿಯಲ್ಲಿರುವುದರಿಂದ ಈ ಅಚ್ಚು ಯಾರಿಗೂ ಹೊಸದಲ್ಲ. "ಬೋಧಕೇತರ ಸಿಬ್ಬಂದಿ" ಅಂದಾಗ ಬೋಧಕರ ಶತ್ರುಗಳು ಎಂಬ ಅರ್ಥ ಬರುವುದಿಲ್ಲ, ಬೋಧಕರನ್ನು ಬಿಟ್ಟು ಉಳಿದವರು ಎಂದಷ್ಟೇ ಬರುತ್ತದೆ. ಪ್ರೊಫೇನ್‌ಗೆ ಬೇಕಾದದ್ದೂ ಅದೇ. "ಅಪವಿತ್ರ" ಎಂಬ ಪದವನ್ನು ಕೆಡಿಸಿದ್ದು, ಕೆಟ್ಟದ್ದು ಎಂಬ ಅದರ ಸಹಜ ಅರ್ಥಕ್ಕೇ ಬಿಡೋಣ. ಮಡಿ-ಮೈಲಿಗೆ ಜಾತಿಯ ಅಧ್ಯಾಯಕ್ಕೆ ಮೀಸಲಾಗಿರಲಿ, ಅಲ್ಲಿ ಅವಕ್ಕೆ ಬೇರೆಯೇ ಕೆಲಸವಿದೆ.

"ಪ್ರೊಫೇನ್‌ಗೆ ಲೌಕಿಕ ಅನ್ನಬಹುದಲ್ಲ" ಎಂದು ಕೇಳುವವರು ಬಹಳ. ಇಲ್ಲೇ ಮೂರೂ ಪದಗಳನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಕು ಅನ್ನುವುದು. ಲೌಕಿಕ ನಮಗೆ ಸೆಕ್ಯುಲರ್‌ಗಾಗಿ ಬೇಕು. ಅಣ್ಣಿಗೇರಿಯ ನಂಟಿನ ಪಂಪ 10ನೇ ಶತಮಾನದಲ್ಲೇ ತನ್ನ ಒಂದು ಕಾವ್ಯದಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗಿದವನು. ಧರ್ಮಶಾಸನದ ಹೊರಗಿನ ಕ್ಷೇತ್ರ ಎಂಬ ಅರ್ಥ ಆ ಪದಕ್ಕೆ ಸಾವಿರ ವರ್ಷದಿಂದ ಅಂಟಿಕೊಂಡಿದೆ. ಸಂವಿಧಾನದ 25ನೇ ಅನುಚ್ಛೇದದ ಎರಡನೇ ಖಂಡದಲ್ಲಿ, ಧಾರ್ಮಿಕ ಆಚಾರದ ಜೊತೆ ಸೇರಿಕೊಂಡಿರುವ ಆರ್ಥಿಕ, ರಾಜಕೀಯ ಅಥವಾ ಬೇರೆ ಸೆಕ್ಯುಲರ್ ಚಟುವಟಿಕೆಯನ್ನು ಸರ್ಕಾರ ನಿಯಂತ್ರಿಸಬಹುದು ಎಂದಿದೆ. ಹುಂಡಿಯ ಹಣದ ಲೆಕ್ಕ, ದೇವಸ್ಥಾನದ ಮಳಿಗೆಯ ಬಾಡಿಗೆ ಇಂಥವು. ಇದಕ್ಕೆ "ಲೌಕಿಕ ಚಟುವಟಿಕೆ" ಸರಿಹೊಂದುತ್ತದೆ, ಹಿಂದಿ ಪಾಠದಲ್ಲೂ ಲೌಕಿಕ ಎಂದೇ ಇದೆ. "ಜಾತ್ಯತೀತ ಚಟುವಟಿಕೆ" ಎಂದು ಹಾಕಿ ನೋಡಿ: ಹುಂಡಿ ಎಣಿಸುವುದು ಜಾತಿಯನ್ನು ಮೀರಿದ ಕೆಲಸ ಎಂಬ ಅರ್ಥ ಬಂದುಬಿಡುತ್ತದೆ.

ಜಾತ್ಯತೀತ ಅನ್ನುವುದನ್ನು ರೂಢಿಗೆ ತಂದವರು ಅರಿಯದೆ ತಂದದ್ದಲ್ಲ. ಆಡುಮಾತಿನಲ್ಲಿ "ನಿಮ್ಮದು ಯಾವ ಜಾತಿ ರೀ" ಎಂದರೆ ಧರ್ಮವೂ ಅದರಲ್ಲಿ ಬರುತ್ತದೆ. ಪತ್ರಿಕೆಗೆ, ಪಕ್ಷದ ಹೆಸರಿಗೆ ಅದು ಸಾಕು. ಆದರೆ ಜಾತಿಗೂ ಧರ್ಮಕ್ಕೂ ಒಂದೊಂದು ಅಧ್ಯಾಯ ಇರುವ ಪುಸ್ತಕದಲ್ಲಿ ಎರಡೂ ಕಲಸಿಹೋಗುತ್ತವೆ. ಸೆಕ್ಯುಲರೈಸೇಶನ್‌ಗೆ "ಜಾತ್ಯತೀತೀಕರಣ" ಎಂದು ಹೊಸೆಯಬೇಕಾಗುತ್ತದೆ, ಅದನ್ನು ತರಗತಿಯಲ್ಲಿ ಎರಡು ಸಲ ತಡವರಿಸದೆ ಹೇಳುವುದು ಕಷ್ಟ. "ಸರ್ವಧರ್ಮ ಸಮಭಾವ" ಸೆಕ್ಯುಲರಿಸಂನ ಒಂದು ಭಾರತೀಯ ವ್ಯಾಖ್ಯಾನ. 1905ರ ಕಾನೂನಿನಿಂದ ಚರ್ಚನ್ನೂ ಪ್ರಭುತ್ವವನ್ನೂ ಬೇರ್ಪಡಿಸಿದ ಫ್ರಾನ್ಸಿಗೆ ಆ ಹೆಸರು ಒಪ್ಪದು. "ಮತನಿರಪೇಕ್ಷ" ಎಂದರೆ ಪಕ್ಕದ ರಾಜ್ಯಶಾಸ್ತ್ರದ ಪುಟದಲ್ಲಿ ಮತ ಎಂದರೆ ವೋಟು. ಆದ್ದರಿಂದ ಪ್ರಭುತ್ವದ ನೀತಿಗೆ "ಧರ್ಮನಿರಪೇಕ್ಷತೆ", ಕ್ಷೇತ್ರ ಅಥವಾ ಚಟುವಟಿಕೆಗೆ "ಲೌಕಿಕ", ಸಾಮಾಜಿಕ ಪ್ರಕ್ರಿಯೆಗೆ "ಲೌಕಿಕೀಕರಣ". ಇಂಗ್ಲಿಷಿನಲ್ಲಿ ಒಂದೇ ಬೇರಿನಿಂದ ಬಂದವು ಎಂಬ ಕಾರಣಕ್ಕೆ ಕನ್ನಡದಲ್ಲೂ ಒಂದೇ ಬೇರು ಇರಬೇಕಿಲ್ಲ. ಧರ್ಮ ಎಂದರೆ ನೀತಿಯೂ ಹೌದು, ಹೀಗಾಗಿ ಧರ್ಮನಿರಪೇಕ್ಷ ಎಂದರೆ ನೀತಿಗೆಟ್ಟದ್ದು ಎಂದು ಕೇಳಿಸುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಧ್ಯಾಯದ ಹೆಸರೇ "ಧರ್ಮ" ಎಂದಿದ್ದಾಗ ಆ ಪುಸ್ತಕದ ಮಟ್ಟಿಗೆ ಅರ್ಥ ಗಟ್ಟಿಯಾಗಿರುತ್ತದೆ. ಮೊದಲ ಬಳಕೆಯಲ್ಲಿ ಒಂದು ಸಾಲಿನ ವ್ಯಾಖ್ಯೆ ಕೊಟ್ಟರೆ ಸಾಕು.

ರಿಚುವಲ್‌ನ ಪಾಡು ಬೇರೆ. ಎಲ್ಲರೂ ಬರೆಯುವುದು "ಆಚರಣೆ". ಆದರೆ ಜಯಂತಿಯೂ ಆಚರಣೆ, ಹುಟ್ಟುಹಬ್ಬವೂ ಆಚರಣೆ, ಪ್ರಾಕ್ಟೀಸ್ ಎಂಬುದಕ್ಕೂ ಆಚರಣೆ. ಪರೀಕ್ಷೆಗೆ ಒಡ್ಡಲು ಸರಿಯಾದ ವಾಕ್ಯ ಈಗ ನಮ್ಮ ರಾಜ್ಯದಲ್ಲಿರುವ ಮಠವೊಂದರ ಮೊಕದ್ದಮೆಯಲ್ಲಿದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು, ಧರ್ಮವೊಂದು ನೀತಿಸಂಹಿತೆಯನ್ನಷ್ಟೇ ಅಲ್ಲ, ರಿಚುವಲ್, ಅಬ್ಸರ್ವೆನ್ಸ್, ಸೆರಿಮನಿ, ಪೂಜೆಯ ಬಗೆ ಈ ನಾಲ್ಕನ್ನೂ ವಿಧಿಸಬಹುದು ಎಂದಿತು. ನಾಲ್ಕಕ್ಕೂ ಆಚರಣೆ ಎಂದರೆ ವಾಕ್ಯ ಕುಸಿಯುತ್ತದೆ. ಬರೀ "ವಿಧಿ" ಎಂದರೆ ಇನ್ನೊಂದು ತೊಡಕು: ಸಂವಿಧಾನದ ಆರ್ಟಿಕಲ್‌ಗೂ ಪತ್ರಿಕೆಗಳು ವಿಧಿ ಎನ್ನುತ್ತವೆ, ಹಾಗಾಗಿ "25ನೇ ವಿಧಿಯು ವಿಧಿಗಳನ್ನು ರಕ್ಷಿಸುತ್ತದೆ" ಎಂಬಂಥ ಸಾಲು ಹುಟ್ಟುತ್ತದೆ. ನಾನು ಒಪ್ಪುವುದು ರಿಚುವಲ್‌ಗೆ "ವಿಧಿಯಾಚರಣೆ", ಅಬ್ಸರ್ವೆನ್ಸ್‌ಗೆ "ವ್ರತನಿಯಮ", ಸೆರಿಮನಿಗೆ "ಸಮಾರಂಭ", ಪೂಜೆಯ ಬಗೆಗೆ "ಆರಾಧನಾ ಕ್ರಮ". ಕೊನೆಯದರಲ್ಲಿ ನಮಾಜು, ಚರ್ಚಿನ ಪ್ರಾರ್ಥನೆಗೂ ಜಾಗವಿದೆ. ಆರ್ಟಿಕಲ್‌ಗೆ ಎಲ್ಲ ಕಡೆ "ಅನುಚ್ಛೇದ". ಸಂಧಿಯಲ್ಲೂ ಎಚ್ಚರ ಬೇಕು. ಸಂಸ್ಕೃತದ ರೀತಿಯಲ್ಲಿ "ವಿಧ್ಯಾಚರಣೆ" ಎಂದರೆ ಕಿವಿಗೆ ವಿದ್ಯೆ ಎಂದೇ ಬೀಳುತ್ತದೆ. ಕನ್ನಡದ ಯಕಾರಾಗಮವೇ ಇರಲಿ. "ಧಾರ್ಮಿಕ ವಿಧಿ" ಎಂದು ಮಾತ್ರ ಬರೆಯಬಾರದು, ಯಾಕೆಂದರೆ ಧಾರ್ಮಿಕವಲ್ಲದ ವಿಧಿಯಾಚರಣೆಗಳೂ ಇವೆ.

ಅಂಥ ಒಂದರಿಂದಲೇ ಮೂರೂ ಪದಗಳನ್ನು ಒಟ್ಟಿಗೆ ಒರೆಗೆ ಹಚ್ಚಬಹುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ರಾಷ್ಟ್ರಧ್ವಜ ತಯಾರಿಸುತ್ತಾರೆ. ಅಲ್ಲಿ ಬಟ್ಟೆಯನ್ನು ಅಳೆಯುತ್ತಾರೆ, ಕತ್ತರಿಸುತ್ತಾರೆ, ಹೊಲಿಯುತ್ತಾರೆ, ಬಿಐಎಸ್ ಮಾನದಂಡಕ್ಕೆ ಒಪ್ಪದ್ದನ್ನು ತೆಗೆದುಹಾಕುತ್ತಾರೆ. ಅಳತೆ 3:2, ಅತಿ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಅಲ್ಲಿಯವರೆಗೂ ಅದು ನೇಯ್ದ ಖಾದಿ, ಪವಿತ್ರೇತರ ವಸ್ತು. ಅದೇ ಬಟ್ಟೆ ಆಗಸ್ಟ್ 15ರಂದು ಕಂಬಕ್ಕೇರಿದರೆ ನೆಲಕ್ಕೆ ತಾಗಬಾರದು, ಹರಿದರೆ ಕಸಕ್ಕೆ ಹಾಕುವಂತಿಲ್ಲ. 2002ರ ಧ್ವಜ ಸಂಹಿತೆ ಅದನ್ನು ಏಕಾಂತದಲ್ಲಿ, ಸುಡುವ ಮೂಲಕವೋ ಗೌರವಕ್ಕೆ ತಕ್ಕ ಬೇರೆ ರೀತಿಯಲ್ಲೋ ಪೂರ್ತಿಯಾಗಿ ನಾಶಮಾಡಿ ಎನ್ನುತ್ತದೆ. ಬೇರೆಯಾಗಿ ತೆಗೆದಿಟ್ಟದ್ದು, ನಿಷೇಧಗಳಿಂದ ಸುತ್ತುವರಿದದ್ದು: ಡರ್ಖೀಮ್ ವ್ಯಾಖ್ಯೆ ಇದೇ, ಧ್ವಜಕ್ಕಾಗಿ ಸಾಯುವ ಸೈನಿಕನ ಉದಾಹರಣೆ ಅವರದ್ದೇ. ಈಗ ವಾಕ್ಯ ಬರೆಯಿರಿ: "ಧ್ವಜಾರೋಹಣವು ಧರ್ಮನಿರಪೇಕ್ಷ ಪ್ರಭುತ್ವದ ವಿಧಿಯಾಚರಣೆ; ಅದರಲ್ಲಿ ಧ್ವಜವು ಪವಿತ್ರ ವಸ್ತು." ಅರ್ಥ ನಿಲ್ಲುತ್ತದೆ. ಪ್ರೊಫೇನ್‌ಗೂ ಸೆಕ್ಯುಲರ್‌ಗೂ ಲೌಕಿಕವನ್ನೇ ಬಳಸಿದ್ದರೆ, ಧ್ವಜ ಲೌಕಿಕವೂ ಹೌದು, ಲೌಕಿಕಕ್ಕೆ ವಿರುದ್ಧವೂ ಹೌದು ಎಂಬ ಗೋಜಲಿಗೆ ಬೀಳುತ್ತಿದ್ದೆವು.

ಪಠ್ಯ ಸಮಿತಿಗಳು ಇಂಥ ಕೆಲಸವನ್ನು ಕೊನೆಗೆ, ಪಾರಿಭಾಷಿಕ ಪಟ್ಟಿ ಮಾಡುವಾಗ ಕೈಗೆತ್ತಿಕೊಳ್ಳುವುದೇ ದೊಡ್ಡ ತಪ್ಪು. ಅಧ್ಯಾಯಗಳನ್ನು ಬೇರೆ ಬೇರೆ ಲೇಖಕರಿಗೆ ಹಂಚುವ ಮೊದಲೇ ಪ್ರತಿ ಪದಕ್ಕೆ ಒಂದು ಚೀಟಿ ಆಗಬೇಕು. ಅದರಲ್ಲಿ ಮೂಲದ ಅತಿ ಕಠಿಣ ವಾಕ್ಯ, ಕನ್ನಡ ಪದ, ಅದರ ಸಾಧಿತ ರೂಪಗಳು, ವಿರುದ್ಧ ಪದ, ನೆರೆಯ ಪದಗಳು, ಬಿಟ್ಟ ಪದಗಳು ಮತ್ತು ಬಿಟ್ಟ ಕಾರಣ ಇರಬೇಕು. ಆಮೇಲೆ ಮೂಲ ನೋಡದ ಒಬ್ಬ ಅಧ್ಯಾಪಕರಿಗೆ ಕನ್ನಡ ವಾಕ್ಯ ಕೊಟ್ಟು ಇಂಗ್ಲಿಷಿಗೆ ತಿರುಗಿಸಲು ಹೇಳಬೇಕು. ಪ್ರೊಫೇನ್ ಇದ್ದ ಜಾಗಕ್ಕೆ ಮಲಿನ ಎಂಬ ಅರ್ಥದ ಪದ ಬಂದರೆ ನಮ್ಮ ಪದ ಸೋತಿತು ಎಂದೇ ಲೆಕ್ಕ.

ಹಳೆಯ ಪಠ್ಯವನ್ನು ತಿದ್ದುವಾಗ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಬದಲಿಸಬೇಡಿ. "ಪವಿತ್ರ" ಎಂದು ಹುಡುಕಿದರೆ "ಅಪವಿತ್ರ"ವೂ ಸಿಗುತ್ತದೆ. "ಆಚರಣೆ" ಎಂದು ಹುಡುಕಿದರೆ "ದಿನಾಚರಣೆ" ಸಿಗುವುದಿಲ್ಲ, ಅಲ್ಲಿ ಆಕಾರ ಸಂಧಿಯಲ್ಲಿ ಅಡಗಿರುತ್ತದೆ. "ಜಾತ್ಯತೀತ" ತೆಗೆದು "ಧರ್ಮನಿರಪೇಕ್ಷ" ಹಾಕಿದರೆ ಜಾತ್ಯತೀತ ಜನತಾ ದಳದ ಹೆಸರೂ ಬದಲಾಗಿ ಕೂರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತವಾದರೆ ಈ ಹುಡುಕಾಟ ಏನನ್ನೂ ಹಿಡಿಯುವುದಿಲ್ಲ, ಮೊದಲು ಪರಿವರ್ತಿಸಿ ಅರ್ಕಾವೊತ್ತುಗಳನ್ನು ಕಣ್ಣಿಂದ ನೋಡಬೇಕು.

ಸಂವಿಧಾನದ ಪ್ರಸ್ತಾವನೆಯನ್ನು ಉದ್ಧರಿಸುವಾಗ ಮಾತ್ರ ನಮ್ಮ ಪದ ತೂರಿಸುವ ಹಕ್ಕು ಯಾರಿಗೂ ಇಲ್ಲ. 1976ರ 42ನೇ ತಿದ್ದುಪಡಿಯಿಂದ ಅಲ್ಲಿಗೆ ಬಂದ ಸೆಕ್ಯುಲರ್ ಎಂಬ ಪದ ಕನ್ನಡ ಮುದ್ರಣಗಳಲ್ಲಿ ಒಂದು ಕಡೆ "ಸರ್ವಧರ್ಮ ಸಮಭಾವದ", ಇನ್ನೊಂದು ಕಡೆ "ಜಾತ್ಯತೀತ" ಎಂದು ಕಾಣಿಸುತ್ತದೆ. ಯಾವ ಮುದ್ರಣದಿಂದ ತೆಗೆದಿರೋ ಅದನ್ನು ಹೇಳಿ ಹಾಗೆಯೇ ಇಡಿ, ಈ ಪುಸ್ತಕದಲ್ಲಿ ಇದಕ್ಕೆ ಧರ್ಮನಿರಪೇಕ್ಷ ಎಂಬ ಪದ ಬಳಸಿದೆ ಎಂದು ಅದೇ ಪುಟದ ಅಡಿಯಲ್ಲಿ ಬರೆಯಿರಿ.