ಅಚಲ ರೂಪಾಯಿ 1,800

ಭವಿಷ್ಯ ನಿಧಿಯ ವೇತನ ಮಿತಿ ಇನ್ನೇನು ಏರಲಿದೆ ಎಂಬ ಸುದ್ದಿಯನ್ನು ಓದಿ ಓದಿ ನನ್ನ ತಲೆಗೂದಲು ನರೆತಿದೆ. 2014ರ ಸೆಪ್ಟೆಂಬರ್ 1ರಂದು 6,500ರಿಂದ 15,000ಕ್ಕೆ ಹತ್ತಿದ ಈ ಮಿತಿ ಅಂದಿನಿಂದ ಅಲ್ಲೇ ತಪಸ್ಸಿಗೆ ಕುಳಿತಿದೆ.

ಗೆಳೆಯರೊಬ್ಬರ ಮೂಲ ವೇತನ 40,000. ಶೇಕಡ 12ರಂತೆ ಲೆಕ್ಕ ಹಾಕಿದರೆ 4,800 ರೂಪಾಯಿ ಆಗುತ್ತದೆ. ಆದರೆ ಮಾಲೀಕರು ಕಟ್ಟಲೇಬೇಕಾದದ್ದು ಮಿತಿಯಾದ 15,000ದ ಶೇಕಡ 12, ಅಂದರೆ 1,800 ಮಾತ್ರ; ಗೆಳೆಯರ ಸಂಬಳದಲ್ಲೂ ಅಷ್ಟನ್ನೇ ಹಿಡಿಯುತ್ತಾರೆ. ವರ್ಷ ತುಂಬಿ ಮೂಲ ವೇತನ 44,000 ಆದಾಗಲೂ 1,800 ಅಲುಗಲಿಲ್ಲ. ‘ಪೂರ್ತಿ ಸಂಬಳದ ಮೇಲೆ ಕಟ್ಟಬಹುದೇ?’ ಎಂದು ಅವರು ಕೇಳಿದ್ದಕ್ಕೆ ಸಂಬಳ ವಿಭಾಗದವರು, ‘ನಿಮ್ಮ ಪಾಲು ಎಷ್ಟಾದರೂ ಹಿಡಿಯೋಣ ಸರ್, ಕಂಪನಿಯದು ಅಷ್ಟೇ’ ಎಂದರಂತೆ. ಕಾನೂನೂ ಅದನ್ನೇ ಹೇಳುತ್ತದೆ. ಆ ‘ಕಂಪನಿಯದು’ ಕೂಡ ಗೆಳೆಯರ ಸಿಟಿಸಿಯೊಳಗೇ, ಅಂದರೆ ಅವರಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನ ಲೆಕ್ಕದೊಳಗೇ, ಸೇರಿಕೊಂಡಿದೆ ಎಂಬುದನ್ನು ಸಭ್ಯತೆಯಿಂದ ಯಾರೂ ಎತ್ತಲಿಲ್ಲ.

ಕಂಪನಿಯ ಆ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ, ಭವಿಷ್ಯ ನಿಧಿಯ ಖಾತೆಗೆ ಬಂದು ಬೀಳುವುದು 550. ಪಿಂಚಣಿಯ ಲೆಕ್ಕಕ್ಕೆ ಮೂವತ್ತೈದು ವರ್ಷದ ಸೇವೆ ಸಿಕ್ಕರೆ 15,000ವನ್ನು 35ರಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಬರುವ ಪಿಂಚಣಿ ತಿಂಗಳಿಗೆ 7,500. ನಿವೃತ್ತಿಯ ದಿನ ಸಂಬಳ ಲಕ್ಷವಿದ್ದರೂ ಸೂತ್ರಕ್ಕೆ ಕಾಣುವುದು 15,000 ಮಾತ್ರ.

ಮಿತಿಯ ಕೆಳಗಿರುವವರ ಕಥೆ ಇದಕ್ಕಿಂತ ರಂಜನೀಯವಾದದ್ದು. ತಿಂಗಳಿಗೆ 21,000 ಪಡೆಯುವ ಒಬ್ಬ ನೌಕರನನ್ನು ಊಹಿಸಿಕೊಳ್ಳಿ. ಅವನ ಸಂಬಳದ ಚೀಟಿಯಲ್ಲಿ ಮೂಲ ವೇತನ 9,000, ‘ವಿಶೇಷ ಭತ್ಯೆ’ 12,000. ಆ ಭತ್ಯೆಯ ವಿಶೇಷವೆಂದರೆ ಅದು ಎಲ್ಲರಿಗೂ ತಪ್ಪದೇ ಸಿಗುತ್ತದೆ ಎಂಬುದು. ಹೀಗೆ ಒಡೆದು ಮೂಲ ವೇತನಕ್ಕಷ್ಟೇ ಲೆಕ್ಕ ಹಾಕಿದರೆ ನೌಕರ, ಮಾಲೀಕ ಇಬ್ಬರ ಪಾಲೂ 1,080ಕ್ಕೆ ಇಳಿಯುತ್ತದೆ. ಇದೇ ನೌಕರ ಜ್ವರ ಬಂದು ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಕಡೆ ತಿರುಗಿದರೆ, ಅಲ್ಲಿ ಭತ್ಯೆಯೂ ವೇತನವೇ, ಮಿತಿಯೂ 21,000. ಕಾಯಿಲೆ ಬಿದ್ದಾಗ 21,000ದ ಮನುಷ್ಯ, ಮುದುಕನಾಗುವಾಗ 9,000ದ ಮನುಷ್ಯ! ಎರಡು ಕಚೇರಿಗಳೂ ಒಂದೇ ಕಾರ್ಮಿಕ ಸಚಿವಾಲಯದ ಕೂಸುಗಳು. ಒಡಹುಟ್ಟಿದವರು ಮಾತು ಬಿಟ್ಟಿರಬೇಕು.

ಎಲ್ಲರಿಗೂ ಸಮಾನವಾಗಿ ಕೊಡುವ ಭತ್ಯೆ ಮೂಲ ವೇತನವೇ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿತು. ಅದರಂತೆ ಇವನ ವೇತನ ಮಿತಿಯನ್ನು ಮುಟ್ಟಿ, ಇಬ್ಬರ ಪಾಲೂ 1,800 ಆಗಬೇಕು. ಮಾಲೀಕರ ಕಡೆಯಿಂದಷ್ಟೇ ತಿಂಗಳಿಗೆ 720 ರೂಪಾಯಿ ತಪ್ಪಿಹೋಗುತ್ತಿದೆ. ಇದನ್ನು ವೇತನ ವಿನ್ಯಾಸ ಎನ್ನುತ್ತಾರೆ. ನನಗೆ ನಗಲು ಆಗುತ್ತಿಲ್ಲ. ಅದು ಅವನು ದುಡಿದ ದುಡ್ಡು.