ಅನ್ನಕ್ಕೂ ಪಾಸಿಟಿವ್, ಸಾರಿಗೂ ಪಾಸಿಟಿವ್

ಮೊದಲೆಲ್ಲ ಹಬ್ಬಕ್ಕೆ ಸೀರೆ, ಫ್ರಿಜ್ಜಿಗೆ ರಿಯಾಯಿತಿ ಇರುತ್ತಿತ್ತು. ಈಗ ರಕ್ತಕ್ಕೂ ಇದೆ. ಪೇಪರಿನ ಮಡಿಕೆಯಿಂದ ಜಾರುವ ಕರಪತ್ರ ನೀವೂ ನೋಡಿರುತ್ತೀರಿ: ಮೈ ಕೆರೆತವೇ? ಯಾವ ಆಹಾರ ನಿಮ್ಮ ಶತ್ರು, ಒಂದೇ ಟೆಸ್ಟಿನಲ್ಲಿ ತಿಳಿಯಿರಿ! ನಮ್ಮ ಭಾವ ಹೋಗಿ ರಕ್ತ ಕೊಟ್ಟು ಬಂದರು. ಎರಡು ತಿಂಗಳಿಂದ ಮೈಮೇಲೆ ದದ್ದು ಏಳುತ್ತಿತ್ತು, ಇಳಿಯುತ್ತಿತ್ತು, ಪಾಪ.

ರಿಪೋರ್ಟ್ ಬಂತು. ಅಕ್ಕಿ 0.41, ಕಡಲೆಕಾಯಿ 0.62, ಗೋಧಿ 0.83. ತೊಗರಿ, ಬದನೆ, ತೆಂಗು, ಎಲ್ಲವೂ ಕೆಂಪಕ್ಷರದಲ್ಲಿ. 0.35 ದಾಟಿದರೆ ಪಾಸಿಟಿವ್ ಅಂತೆ. ಐವತ್ತೆರಡು ವರ್ಷ ಎರಡು ಹೊತ್ತೂ ಅನ್ನ ಉಂಡವರು ಈಗ ಅನ್ನದ ಪಾತ್ರೆ ಕಂಡರೆ ಎದ್ದು ಹೋಗುತ್ತಾರೆ. ಅಕ್ಕ ಆ ಕಾಗದವನ್ನು ಫ್ರಿಜ್ಜಿಗೆ ಅಂಟಿಸಿ ದಿನಾ ಸೋರೆಕಾಯಿ ಬೇಯಿಸಿದಳು. ಸೋರೆಕಾಯಿ ನೆಗೆಟಿವ್ ಅಂತಲ್ಲ, ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಹಾಗೆ ಬಚಾವಾಯಿತು.

ಈ ಟೆಸ್ಟ್ ಹೇಳುವುದು ಇಷ್ಟೇ: ಆ ಪದಾರ್ಥವನ್ನು ಗುರುತು ಹಿಡಿಯುವ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ನಿಮ್ಮ ರಕ್ತದಲ್ಲಿದೆ. ಗುರುತು ಸಿಕ್ಕವರ ಜೊತೆಗೆಲ್ಲ ಜಗಳವಾಗುತ್ತದೆಯೇ? ಹುಲ್ಲಿನ ಪರಾಗಕ್ಕೆ ಸೀನುವವರಿಗೆ ಗೋಧಿಯೂ ಪಾಸಿಟಿವ್ ಬರಬಹುದು, ಅದೂ ಹುಲ್ಲಿನ ನೆಂಟನೇ. ಭಾವನ ಒಟ್ಟು ಐಜಿಇ ಬೇರೆ 1,100. ಒಟ್ಟೇ ಅಷ್ಟು ಜಾಸ್ತಿ ಇದ್ದಾಗ ಇಂಥ ಚಿಲ್ಲರೆ ಪಾಸಿಟಿವ್‌ಗಳು ಸಾಲುಗಟ್ಟುವುದು ಮಾಮೂಲು. ಹಾಗಂತ ಕಡಲೆಕಾಯಿ ತಿಂದು ತುಟಿ ಊದಿದವರಿಗೆ ಅದೇ 0.62 ತಮಾಷೆಯಲ್ಲ. ಸಂಖ್ಯೆ ಒಂದೇ, ಕಥೆ ಬೇರೆ.

ಬೆಂಗಳೂರು, ಮೈಸೂರಿನ ವಯಸ್ಕರ ಮೇಲೆಯೇ ಅಧ್ಯಯನ ನಡೆದಿದೆ, 2016ರಲ್ಲಿ ಪ್ರಕಟವಾಯಿತು. ಯಾವುದಾದರೊಂದು ಆಹಾರಕ್ಕೆ ಪಾಸಿಟಿವ್ ಬಂದವರು ಶೇ. 26.5. ತಿಂದರೆ ತೊಂದರೆಯೂ ಆಗಿ, ಟೆಸ್ಟೂ ಪಾಸಿಟಿವ್ ಇದ್ದವರು ಶೇ. 1.2. ಮಿಕ್ಕವರೆಲ್ಲ ಆರಾಮಾಗಿ ಊಟ ಮಾಡುತ್ತಿದ್ದಾರೆ, ಕರಪತ್ರ ಕೈಗೆ ಸಿಗುವವರೆಗೆ.

ಭಾವನ ಕಥೆ ನಗುವಂಥದ್ದು. ನಮ್ಮ ಬೀದಿಯ ಮೂರು ವರ್ಷದ ಮಗುವಿನದು ಹಾಗಲ್ಲ. ಚರ್ಮಕ್ಕೆ ಎಕ್ಸಿಮಾ ಇತ್ತು, ಟೆಸ್ಟ್ ಮಾಡಿಸಿದರು, ಹಾಲು, ಮೊಟ್ಟೆ, ಗೋಧಿ ಒಟ್ಟಿಗೆ ನಿಲ್ಲಿಸಿದರು. ದಿನಾ ತಿಂದು ಅರಗಿಸಿಕೊಳ್ಳುತ್ತಿದ್ದ ಮಗು ಅದು. ಈಗ ತೂಕ ಏರುತ್ತಿಲ್ಲ. ಎಕ್ಸಿಮಾ ಇರುವ ಮಕ್ಕಳಿಗೆ ಹೀಗೆ ತಿಂಗಳುಗಟ್ಟಲೆ ಬಿಡಿಸಿ ಮತ್ತೆ ಕೊಟ್ಟರೆ, ಇಲ್ಲದ ಅಲರ್ಜಿ ನಿಜವಾಗಿಯೇ ಬರಬಹುದು. ಕೆಂಪು ಶಾಯಿ ಬಳಿದವರಿಗೆ ಇದು ಗೊತ್ತಿಲ್ಲವೇ? ಗೊತ್ತಿದ್ದೂ ಮಾರುತ್ತಾರಲ್ಲ, ಸಾಕಾಗಿದೆ.

ಕೊನೆಗೆ ಭಾವನನ್ನು ಅಲರ್ಜಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ರಿಪೋರ್ಟ್ ಮಗುಚಿಟ್ಟು ಕೇಳಿದರು: "ಅನ್ನ ತಿಂದು ಎರಡು ಗಂಟೆಯೊಳಗೆ ಏನಾಗುತ್ತೆ?"

"ನಿದ್ದೆ ಬರುತ್ತೆ ಸಾರ್."

"ತಿಂದಾಗಲೆಲ್ಲಾನಾ?"

"ಭಾನುವಾರ ಜಾಸ್ತಿ."

ದದ್ದಿಗೆ ದಿನಕ್ಕೊಂದು ಆಂಟಿಹಿಸ್ಟಮಿನ್ ಮಾತ್ರೆ ಬರೆದು, ಊಟ ಮಾಡಿ ಹೋಗಿ ಅಂದರು. ಆ ರಾತ್ರಿ ಭಾವ ಮೂರು ಸಲ ಅನ್ನ ಹಾಕಿಸಿಕೊಂಡರು. ಉಳಿದಿದ್ದ ಎರಡು ಸೋರೆಕಾಯಿಯಲ್ಲಿ ಒಂದನ್ನು ಅಕ್ಕ ನನ್ನ ಚೀಲಕ್ಕೆ ತುರುಕಿದಳು.