ಹಬ್ಬದ ಮುಂಚೆ ಎಂಟು ಮನೆಗೆ ಬಾಗಿನ ಇಲ್ಲ ಅಂದೆ

ಗೌರಿ ಹಬ್ಬಕ್ಕೆ ಎರಡೇ ದಿನ ಇತ್ತು. ಎಂಟು ಜನರಿಗೆ ಫೋನ್ ಮಾಡಿ, "ನಿಮ್ಮ ಬಾಗಿನದ ಸೆಟ್ ಕಳಿಸೋಕೆ ಆಗಲ್ಲ, ದುಡ್ಡು ವಾಪಸ್ ಹಾಕ್ತೀನಿ" ಅಂತ ಹೇಳಿದೆ. ರಾಜಾಜಿನಗರದ ಒಬ್ಬರು ಅತ್ತೇಬಿಟ್ಟರು. ಮಗಳಿಗೆ ಮದುವೆಯಾದ ಮೇಲೆ ಮೊದಲನೇ ಗೌರಿ ಹಬ್ಬವಂತೆ. ಆ ಅಳು ಇನ್ನೂ ಕಿವಿಯಲ್ಲಿದೆ. ಆ ಸಿಟ್ಟು ಇಳಿಯದೆ ಇದನ್ನು ಬರೆಯುತ್ತಿದ್ದೇನೆ.

ಬಸವನಗುಡಿಯಲ್ಲಿ ನಮ್ಮದು ಪೂಜಾ ಸಾಮಾನಿನ ಸಣ್ಣ ವ್ಯಾಪಾರ. ಆನ್‌ಲೈನಿನಲ್ಲೂ ಮಾರುತ್ತೇವೆ. ಬಾಗಿನದ ಸೆಟ್ ಅಂದರೆ ಎರಡು ಮೊರ, ಒಂದು ರವಿಕೆ ಕಣ, ಒಂದು ಬಳೆ ಬಿಚ್ಚೋಲೆ ಪೊಟ್ಟಣ. ಮೊರವನ್ನು ಬಿಡಿಯಾಗಿಯೂ ಕೊಡುತ್ತೇವೆ, ಮಿಕ್ಕಿದ್ದನ್ನು ಮನೆಯಲ್ಲೇ ಹೊಂದಿಸಿಕೊಳ್ಳುವವರು ಜಾಸ್ತಿ ಜನ ಇದ್ದಾರೆ.

ಆ ದಿನ ಬೆಳಿಗ್ಗೆ ನಾನೇ ಎಣಿಸಿದ್ದೆ. ಮೊರ 120, ರವಿಕೆ ಕಣ 75, ಬಳೆ ಬಿಚ್ಚೋಲೆ 90. ಸೆಟ್ಟಿಗೆ ಎರಡು ಮೊರ ಬೇಕಲ್ವಾ, ಹಾಗಾಗಿ 60 ಸೆಟ್ ಮಾಡಬಹುದು. ಕಣ, ಬಳೆ ಎಷ್ಟೇ ಇರಲಿ, ಯಾವುದು ಮೊದಲು ಮುಗಿಯುತ್ತದೋ ಅಷ್ಟೇ ಸೆಟ್. ಸ್ಟಾಕ್ ಸಾಫ್ಟ್‌ವೇರಿನಲ್ಲಿ ಸೆಟ್ 60, ಬಿಡಿ ಮೊರ 120 ಅಂತ ಕಾಣಿಸುತ್ತಿತ್ತು. ಎರಡೂ ಸರಿಯಾದ ಸಂಖ್ಯೆಗಳೇ. ಆದರೆ ಎರಡೂ ಒಂದೇ ರಾಶಿಯ ಮೊರ! ಒಂದು ಸೆಟ್ ಹೋದರೆ ಬಿಡಿ ಮೊರ 118 ಆಗಬೇಕು. ಎರಡು ಬಿಡಿ ಮೊರ ಹೋದರೆ ಸೆಟ್ 59 ಆಗಬೇಕು.

ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ 38 ಸೆಟ್‌ಗೆ ಆರ್ಡರ್ ಬಂದಿತ್ತು. ಅದಕ್ಕೇ 76 ಮೊರ ಬೇಕು. ಬಿಡಿ ಮೊರಕ್ಕೆ ಉಳಿಯುವುದು 44. ಆದರೆ ಬಿಡಿಯಾಗಿ 60 ಮಾರಿಹೋಗಿತ್ತು. ಹದಿನಾರು ಮೊರ ಕಡಿಮೆ. ಬಿಡಿ ಮೊರಗಳನ್ನು ಆಗಲೇ ಕೊರಿಯರ್‌ನವರು ತಗೊಂಡು ಹೋಗಿದ್ದರು. ಹೊಡೆತ ಬಿದ್ದಿದ್ದು ಸೆಟ್ ಕೇಳಿದ ಎಂಟು ಮನೆಗೆ. ಅಷ್ಟು ಹೊತ್ತಿಗೂ ಪರದೆಯ ಮೇಲೆ ಇನ್ನೂ 22 ಸೆಟ್, 60 ಮೊರ ಇದೆ ಅಂತ ಹಸಿರು ಅಕ್ಷರದಲ್ಲಿ ಕಾಣುತ್ತಿತ್ತು. ಗೋಡೌನಿನಲ್ಲಿ ಒಂದು ಮೊರವೂ ಇರಲಿಲ್ಲ.

ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದರೆ, "ಸೆಟ್ ಬೇರೆ ಐಟಂ ಮೇಡಂ, ಅದಕ್ಕೆ ಅದರದ್ದೇ ಸ್ಟಾಕ್. ನೀವೇ ನೋಡಿಕೊಂಡು ಬದಲಾಯಿಸಬೇಕು" ಅಂದರು. ಒಂದೊಂದು ಆರ್ಡರ್ ಬಂದಾಗಲೂ ನಾನು ಕೂತು ಲೆಕ್ಕ ಹಾಕಿ ಟೈಪ್ ಮಾಡಬೇಕಂತೆ! ಹಾಗಿದ್ದರೆ ತಿಂಗಳು ತಿಂಗಳು ನಿಮಗೆ ಯಾಕೆ ದುಡ್ಡು ಕೊಡಬೇಕು? ಮೊರ ಕಾರ್ಖಾನೆಯ ಮಾಲಲ್ಲ. ಮೇದರು ಬಿದಿರು ಸೀಳಿ ಹೆಣೆಯಬೇಕು. ಮಾರ್ಕೆಟ್‌ನಲ್ಲಿ ಅಲೆದೆ, ಗಾಂಧಿ ಬಜಾರ್‌ನಲ್ಲಿ ಕೇಳಿದೆ. ಹಬ್ಬದ ಎದುರು ಯಾರ ಹತ್ತಿರವೂ ನಮಗೆ ಕೊಡುವಷ್ಟು ಮೊರ ಇರಲಿಲ್ಲ.

ಜಗಳ ಆಡಿದ ಮೇಲೆ ಹಬ್ಬ ಕಳೆದು ಒಂದು ವಾರಕ್ಕೆ "ಸರಿ ಮಾಡಿದ್ದೇವೆ" ಅಂತ ಹೇಳಿದರು. ಯಾವ ಸೆಟ್ಟಿಗೆ ಏನೇನು ಎಷ್ಟೆಷ್ಟು ಅಂತ ಪಟ್ಟಿ ಜೋಡಿಸಿದ್ದರಂತೆ. ನಂಬಲಿಲ್ಲ. ಮೊರ 100 ಅಂತ ಹಾಕಿ, ನಾನೇ ಒಂದು ಸೆಟ್ ಆರ್ಡರ್ ಮಾಡಿ ನೋಡಿದೆ. ಮೊರ 100 ಆಗಿಯೇ ಇತ್ತು. ಬಿಲ್ ಮಾಡಿದ ಮೇಲೆ ಮಾತ್ರ 98 ಆಯಿತು. ಅಂದರೆ ಆರ್ಡರ್ ಬಂದ ಕ್ಷಣಕ್ಕೆ ಮೊರ ಹಿಡಿದಿಡುವುದಿಲ್ಲ, ಬಿಲ್ ಹೊಡೆದಾಗ ಕಳೆಯುತ್ತದೆ. ನಾವು ಬಿಲ್ ಮಾಡುವುದು ಸಂಜೆ ಐದಕ್ಕೆ, ಎಲ್ಲಾ ಒಟ್ಟಿಗೆ. ಬೆಳಿಗ್ಗೆಯಿಂದ ಐದರವರೆಗೆ ಮತ್ತೆ ಅದೇ ಸುಳ್ಳು ಸಂಖ್ಯೆ! ಇದನ್ನೇ ಸರಿ ಮಾಡಿದ್ದು ಅನ್ನುತ್ತಾರಾ?

ಆ ಆರ್ಡರನ್ನು ರದ್ದು ಮಾಡಿದೆ. ವಾಪಸ್ ಬಂದಿದ್ದು ಎರಡು ಮೊರ ಅಲ್ಲ, "ಸೆಟ್ 1". ಕಟ್ಟಿಟ್ಟ ಸೆಟ್ಟೇ ಇಲ್ಲದ ಕಡೆ ಒಂದು ಸೆಟ್ ಹುಟ್ಟಿಕೊಂಡಿತು. ಮೊರ ಮಾತ್ರ 98ರಲ್ಲೇ ನಿಂತಿತು. ಮೊದಲೇ ಕಟ್ಟಿಟ್ಟ ಸೆಟ್ ಆದರೆ ಹೀಗೆ ಬರುವುದು ಸರಿ, ಯಾಕಂದರೆ ಅಲ್ಲಿ ಮೊರ ಕಟ್ಟುವಾಗಲೇ ಲೆಕ್ಕದಿಂದ ಹೋಗಿರುತ್ತದೆ. ಆರ್ಡರ್ ಬಂದ ಮೇಲೆ ಕಟ್ಟುವ ನಮ್ಮಂಥವರಿಗೆ ಬಿಡಿ ಸಾಮಾನೇ ವಾಪಸ್ ಬರಬೇಕು. ಇಷ್ಟು ಸಣ್ಣ ವ್ಯತ್ಯಾಸ ಅವರಿಗೆ ಗೊತ್ತಿಲ್ಲವಾ?

ಈಗ ದಸರಾ ಬಂತು, ಗೊಂಬೆ ಸೆಟ್ ಹಾಕಬೇಕು. ಅದರಲ್ಲಿ ಪಟ್ಟದ ಗೊಂಬೆ ಮೂರು ಬೇರೆ ಬೇರೆ ಸೆಟ್‌ನಲ್ಲಿ ಬರುತ್ತದೆ, ಬಿಡಿಯಾಗಿಯೂ ಹೋಗುತ್ತದೆ. ಅವರಿಗೆ ಹೇಳಿದ್ದೇನೆ: ನಮ್ಮ ಅಂಗಡಿಗೆ ಬನ್ನಿ, ನನ್ನ ಎದುರಿಗೆ ಒಂದು ಸೆಟ್ ಆರ್ಡರ್ ಮಾಡಿ. ಬಿಲ್ ಮಾಡುವುದಕ್ಕೆ ಮುಂಚೆಯೇ ಮಿಕ್ಕ ಎರಡು ಸೆಟ್, ಬಿಡಿ ಗೊಂಬೆ ಎಲ್ಲದರ ಸಂಖ್ಯೆ ಇಳಿಯಬೇಕು. ರದ್ದು ಮಾಡಿದರೆ ಎಲ್ಲಾ ಮೊದಲಿನಂತೆ ಏರಬೇಕು. ಅಲ್ಲಿಯವರೆಗೆ ತಿಂಗಳ ದುಡ್ಡು ಕಟ್ಟುವುದಿಲ್ಲ.